ಬಿ ಪಾಸಿಟಿವ್‌ಗೆ ಬಿ ಪಾಸಿಟಿವ್ ಹೊಂದದಾಗ

(ಕಲಬುರಗಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು, ರಕ್ತದಾನಿಗಳು ಮತ್ತು ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ರಕ್ತನಿಧಿಯ ಕಿಟಕಿಯ ಮುಂದೆ ನಿಂತವರು ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಒಂದೇ. "ಡಾಕ್ಟರ್ರೆ, ಬಿ ಪಾಸಿಟಿವ್ ಬೇಕಂದ್ರಿ, ಬಿ ಪಾಸಿಟಿವ್ ಫ್ರಿಜ್ಜಿನಾಗ ಅದ ಅಂತೀರಿ. ಇನ್ನ ಯಾಕ ತಾಸುಗಟ್ಲೆ ಕೂಡಸ್ತೀರಿ?" ಸಿಟ್ಟಿನಲ್ಲಿ ಕೇಳುತ್ತಾರೆ, ಅಳುತ್ತಲೂ ಕೇಳುತ್ತಾರೆ. ಒಳಗೆ ಮಗಳೋ ಸೊಸೆಯೋ ಮಲಗಿರುವಾಗ ಆ ಪ್ರಶ್ನೆ ತಪ್ಪೇನಲ್ಲ. ಅದಕ್ಕೆ ಕಿಟಕಿಯಲ್ಲಿ ನಿಂತು ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಇವತ್ತು ಸಮಯ ಇದೆ, ಹೇಳುತ್ತೇನೆ.

ಇದಕ್ಕೆ ಒಂದು ಪ್ರಕರಣವನ್ನೇ ಹಿಡಿದುಕೊಂಡು ಹೋಗುವುದು ಒಳ್ಳೆಯದು. ಗುರುತು ಸಿಗಬಾರದೆಂದು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿದ್ದೇನೆ, ಆದರೆ ರಕ್ತದ ಲೆಕ್ಕ ಇದ್ದದ್ದು ಇದ್ದ ಹಾಗೆಯೇ ಇದೆ. ಯಾದಗಿರಿ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳು. ಮೂರನೆಯ ಬಸಿರು, ಒಂಬತ್ತನೇ ತಿಂಗಳು ನಡೆಯುತ್ತಿತ್ತು. ಹಿಮೋಗ್ಲೋಬಿನ್ 5.9. ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆಯುವ ಶಕ್ತಿ ಆ ಮೈಯಲ್ಲಿ ಇರಲಿಲ್ಲ. ವೈದ್ಯರು ಎರಡು ಬಾಟಲಿ ಬಿ ಪಾಸಿಟಿವ್ ಕೇಳಿ ಚೀಟಿ ಬರೆದು ಕಳಿಸಿದ್ದರು. ಹಿಂದಿನ ಹೆರಿಗೆಯಲ್ಲೂ ಎರಡು ಬಾಟಲಿ ಏರಿಸಿದ್ದರು ಎಂದು ಅತ್ತೆ ಹೇಳಿದರು. ಆ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಮೊದಲು ಗುಂಪು. ನಮ್ಮ ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸರಪಳಿಗಳು ಇರುತ್ತವೆ. ಆ ಸರಪಳಿಯ ತುದಿಯಲ್ಲಿ ಒಂದು ಬಗೆಯ ಸಕ್ಕರೆ ಕೂತರೆ ಎ, ಇನ್ನೊಂದು ಬಗೆಯದು ಕೂತರೆ ಬಿ, ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಒ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಎ, ಬಿ, ಒ ಗುಂಪುಗಳ ಬಗ್ಗೆ ಬರೆದು ಪ್ರಕಟಿಸಿದರು, ಎಬಿ ಗೊತ್ತಾದದ್ದು ಮರುವರ್ಷ. ತಮ್ಮದೂ ಸೇರಿದಂತೆ ಪ್ರಯೋಗಾಲಯದವರ ರಕ್ತ ತೆಗೆದು, ಒಬ್ಬರ ಸೀರಮ್ಮಿಗೆ, ಅಂದರೆ ಕಣ ಬೇರ್ಪಟ್ಟ ಮೇಲೆ ಉಳಿಯುವ ರಕ್ತದ ತಿಳಿ ದ್ರವಕ್ಕೆ, ಇನ್ನೊಬ್ಬರ ಕಣ ಬೆರೆಸಿ, ಎಲ್ಲಿ ಗಂಟು ಕಟ್ಟುತ್ತದೆ ಎಲ್ಲಿ ಇಲ್ಲ ಎಂದು ಕೋಷ್ಟಕ ಹಾಕಿದರು. ಇವತ್ತು ನಾವು ಮಾಡುವ ಕೆಲಸದ ಬೇರೂ ಅದೇ: ಇವರ ಸೀರಮ್ಮು, ಅವರ ಕಣ, ಗಂಟು ಕಟ್ಟಿತೋ ಇಲ್ಲವೋ.

ವಿಚಿತ್ರ ಇರುವುದು ಸೀರಮ್ಮಿನಲ್ಲಿ. ಎ ಗುಂಪಿನವರ ಮೈಯಲ್ಲಿ ಬಿ ವಿರುದ್ಧದ ಪ್ರತಿಕಾಯ, ಅಂದರೆ ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನು, ಮೊದಲೇ ಇರುತ್ತದೆ. ಬಿ ಗುಂಪಿನವರಲ್ಲಿ ಎ ವಿರುದ್ಧದ್ದು, ಒ ಗುಂಪಿನವರಲ್ಲಿ ಎರಡರ ವಿರುದ್ಧವೂ. ಅವರು ಹುಟ್ಟಿದಾರಭ್ಯ ಯಾರ ರಕ್ತವನ್ನೂ ಪಡೆದಿರುವುದಿಲ್ಲ, ಆದರೂ ಇರುತ್ತದೆ. ಹಾಗಾಗಿಯೇ ಇವಕ್ಕೆ ಸಹಜ ಪ್ರತಿಕಾಯ ಎನ್ನುತ್ತಾರೆ. ಆದರೆ ಹುಟ್ಟಿದ ಕೂಸಿನಲ್ಲಿ ಅದರದ್ದೇ ಆದ ಇಂಥ ಪ್ರತಿಕಾಯ ಹೆಚ್ಚುಕಡಿಮೆ ಇರುವುದೇ ಇಲ್ಲ. ನಾಲ್ಕಾರು ತಿಂಗಳು ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಕಾರಣ ಕರುಳು. ಕೂಸಿನ ಕರುಳಲ್ಲಿ ಬಂದು ನೆಲೆಸುವ ಎಷ್ಟೋ ಬ್ಯಾಕ್ಟೀರಿಯಾಗಳ ಮೈಮೇಲೂ ಎ, ಬಿಗಳಂಥದ್ದೇ ಸಕ್ಕರೆ ಇರುತ್ತದೆ. ಮೈ ಅದನ್ನು ಕಂಡು, ತನ್ನಲ್ಲಿ ಇಲ್ಲದ ಸಕ್ಕರೆಯ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ತನ್ನಲ್ಲಿ ಇರುವ ಸಕ್ಕರೆಯನ್ನು ಮಾತ್ರ ತನ್ನದೆಂದು ಬಿಟ್ಟುಬಿಡುತ್ತದೆ. ಆರು ತಿಂಗಳ ಒಳಗಿನ ಕೂಸಿಗೆ ಸೀರಮ್ಮಿನ ಕಡೆಯಿಂದ ಗುಂಪು ನೋಡಿದರೆ ನಂಬುವ ಹಾಗಿಲ್ಲ ಎನ್ನುವುದು ಈ ಕಾರಣಕ್ಕೆ.

ಈ ಸಹಜ ಪ್ರತಿಕಾಯಗಳಲ್ಲಿ ಹೆಚ್ಚಿನವು ಐಜಿಎಂ ಎಂಬ ದೊಡ್ಡ ಜಾತಿಯವು. ಒಂದೊಂದಕ್ಕೂ ಹಿಡಿಯುವ ತಾಣ ಹತ್ತು. ಒಂದು ಕಣವನ್ನು ಹಿಡಿದು, ಪಕ್ಕದ ಕಣವನ್ನೂ ಎಳೆದುಕೊಳ್ಳುವಷ್ಟು ಅವು ಉದ್ದ ಚಾಚುತ್ತವೆ. ಕಣ್ಣೆದುರೇ ಗಂಟು ಕಟ್ಟುತ್ತದೆ, ಯಂತ್ರ ಬೇಡ. ಮೈಯೊಳಗಾದರೆ ಇನ್ನೂ ಕೆಟ್ಟದ್ದು. ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪನ್ನು ಅವು ಎಬ್ಬಿಸುತ್ತವೆ, ಅವು ಕಣದ ಗೋಡೆಗೆ ತೂತು ಹಾಕುತ್ತವೆ, ರಕ್ತನಾಳದಲ್ಲೇ ಕಣ ಒಡೆದು ಹಿಮೋಗ್ಲೋಬಿನ್ ಹೊರಗೆ ಚೆಲ್ಲುತ್ತದೆ. ಚಳಿ ನಡುಕ, ಜ್ವರ, ಸೊಂಟನೋವು, ಸೂಜಿ ಚುಚ್ಚಿದ ನಾಳದುದ್ದಕ್ಕೂ ಉರಿ, ಕೆಂಪು ಮೂತ್ರ, ಬೀಳುವ ರಕ್ತದೊತ್ತಡ. ಇದಕ್ಕೆ ಪೂರ್ತಿ ಬಾಟಲಿ ಹೋಗಬೇಕಿಲ್ಲ, ಮೊದಲ ಹತ್ತಾರು ಮಿಲಿಲೀಟರಿನಲ್ಲೇ ಶುರುವಾಗಬಹುದು. ಮೊದಲ ಹದಿನೈದು ನಿಮಿಷ ರಕ್ತವನ್ನು ನಿಧಾನವಾಗಿ ಬಿಟ್ಟು ನರ್ಸಮ್ಮ ಹಾಸಿಗೆಯ ಪಕ್ಕದಲ್ಲೇ ನಿಂತಿರಬೇಕು ಎನ್ನುವುದು ಸುಮ್ಮನೆ ಮಾಡಿದ ನಿಯಮವಲ್ಲ.

ಎರಡನೆಯ ಅರ್ಧ ಪಾಸಿಟಿವ್, ನೆಗೆಟಿವ್. ಅದು ಆರ್‌ಎಚ್ ವ್ಯವಸ್ಥೆ, ಸಕ್ಕರೆಯಲ್ಲ, ಕಣದ ಗೋಡೆಯಲ್ಲಿ ಹೆಣೆದುಕೊಂಡ ಪ್ರೋಟೀನು. ಅಲ್ಲಿ ಡಿ ಎಂಬ ಪ್ರತಿಜನಕ, ಅಂದರೆ ಪ್ರತಿಕಾಯ ಗುರುತು ಹಿಡಿಯುವ ಗುರುತು, ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಐದರಷ್ಟು ಜನ ನೆಗೆಟಿವ್. ಇಲ್ಲಿ ಸಹಜ ಪ್ರತಿಕಾಯದ ಕಥೆ ನಡೆಯುವುದಿಲ್ಲ. ನೆಗೆಟಿವ್ ಇರುವವರ ಮೈಯಲ್ಲಿ ಡಿ ವಿರುದ್ಧದ ಪ್ರತಿಕಾಯ ತಾನಾಗಿ ಹುಟ್ಟುವುದಿಲ್ಲ. ಪಾಸಿಟಿವ್ ರಕ್ತ ಒಳಗೆ ಹೋಗಬೇಕು, ಇಲ್ಲವೇ ಪಾಸಿಟಿವ್ ಕೂಸನ್ನು ಹೊತ್ತು ಹೆರಬೇಕು. ಆಮೇಲೆ ವಾರಗಳಲ್ಲೋ ತಿಂಗಳುಗಳಲ್ಲೋ ಹುಟ್ಟುತ್ತದೆ.

ಇಷ್ಟು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ ಆರ್‌ಎಚ್ ಎಂದರೆ ಡಿ ಒಂದೇ ಅಲ್ಲ. ಅದರ ಪಕ್ಕದಲ್ಲೇ ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ ಎಂಬ ನಾಲ್ಕು ಇವೆ. ಹೊರಗೆ ಕೆಲ್, ಡಫಿ, ಕಿಡ್ ಮುಂತಾದ ಬೇರೆ ಬೇರೆ ವ್ಯವಸ್ಥೆಗಳೂ ಇವೆ. ನಿಮ್ಮ ಜೇಬಿನ ದಾನಿಗಳ ಕಾರ್ಡಿನಲ್ಲಿ ಬರೆದದ್ದು ಎ, ಬಿ ಮತ್ತು ಡಿ ಮಾತ್ರ. ಉಳಿದವುಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಪ್ರತಿಯೊಬ್ಬ ದಾನಿಯಲ್ಲೂ ಎಲ್ಲವನ್ನೂ ನೋಡಿ ಬರೆದಿಡುವುದು ದುಬಾರಿ, ಬಹುಪಾಲು ರೋಗಿಗಳಿಗೆ ಬೇಕಾಗುವುದೂ ಇಲ್ಲ.

ಈಗ ಆ ಹೆಣ್ಣುಮಗಳ ಸ್ಯಾಂಪಲ್ಲಿಗೆ ಬನ್ನಿ. ಸ್ಯಾಂಪಲ್ ಬಂದ ಕೂಡಲೇ ಮೊದಲು ನೋಡುವುದು ರಕ್ತವನ್ನಲ್ಲ, ಚೀಟಿಯನ್ನು. ಹೆಸರು, ಆಸ್ಪತ್ರೆ ಸಂಖ್ಯೆ, ತೆಗೆದ ದಿನಾಂಕ, ಸಮಯ, ತೆಗೆದವರ ಸಹಿ, ಟ್ಯೂಬಿನ ಮೇಲೆ ಮತ್ತು ಕೋರಿಕೆ ಚೀಟಿಯಲ್ಲಿ ಒಂದೇ ಇರಬೇಕು. ಒಂದು ವಾರ್ಡಿನಲ್ಲಿ ಇಬ್ಬರು ಶರಣಮ್ಮ, ಮೂವರು ಮಲ್ಲಮ್ಮ ಇರುವ ಊರು ನಮ್ಮದು, ಹೆಸರೊಂದೇ ಸಾಲದು. ಆಮೇಲೆ ಟ್ಯೂಬನ್ನು ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ ಮೇಲಿನ ದ್ರವದ ಬಣ್ಣ ನೋಡುತ್ತೇವೆ. ಹುಲ್ಲಿನ ಹಳದಿ ಇದ್ದರೆ ಸರಿ. ಗುಲಾಬಿ ಇದ್ದರೆ ವಾಪಸ್. ಮೇ ತಿಂಗಳ ಬಿಸಿಲಲ್ಲಿ ಸ್ಯಾಂಪಲ್ ಅನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವವರು ಇದ್ದಾರೆ, ಕಣ ದಾರಿಯಲ್ಲೇ ಒಡೆದಿರುತ್ತದೆ. ಕಣ ಒಡೆಯುವುದೇ ನಮ್ಮ ಪರೀಕ್ಷೆಯಲ್ಲಿ ಅಪಾಯದ ಗುರುತು. ಮೊದಲೇ ಒಡೆದಿದ್ದರೆ ಯಾವುದು ಬಿಸಿಲಿನದು, ಯಾವುದು ಪ್ರತಿಕಾಯದ್ದು ಎಂದು ಹೇಳುವುದು ಹೇಗೆ?

ಗುಂಪನ್ನು ಎರಡು ಕಡೆಯಿಂದ ನೋಡಿದೆವು. ಆಕೆಯ ಕಣಕ್ಕೆ ಎ ವಿರುದ್ಧದ ನೀಲಿ ದ್ರವ, ಬಿ ವಿರುದ್ಧದ ಹಳದಿ ದ್ರವ, ಡಿ ವಿರುದ್ಧದ ಬಣ್ಣವಿಲ್ಲದ ದ್ರವ ಹಾಕಿದೆವು. ಹಳದಿಯಲ್ಲೂ ಡಿಯಲ್ಲೂ ಗಂಟು ಕಟ್ಟಿತು. ಇನ್ನೊಂದು ಕಡೆಯಿಂದ, ಆಕೆಯ ಸೀರಮ್ಮಿಗೆ ಗೊತ್ತಿರುವ ಎ ಕಣ, ಬಿ ಕಣ, ಒ ಕಣ ಹಾಕಿದೆವು. ಎ ಕಣದಲ್ಲಿ ಮಾತ್ರ ಗಂಟು. ಎರಡೂ ಕಡೆಯ ಉತ್ತರ ಕೂಡಿತು: ಬಿ ಪಾಸಿಟಿವ್. ಎರಡು ಉತ್ತರ ಕೂಡದಿದ್ದರೆ ಗುಂಪು ಬರೆಯುವಂತಿಲ್ಲ, ಕಾರಣ ಹುಡುಕಬೇಕು. ಬಾಂಬೆ ಗುಂಪು ಎಂದು ಕೇಳಿರಬಹುದು, 1952ರಲ್ಲಿ ಮುಂಬೈಯಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ್ದು. ಅವರ ಕಣ ನೋಡಿದರೆ ಒ ಎನಿಸುತ್ತದೆ, ಆದರೆ ಅವರ ಸೀರಮ್ಮು ಒ ಕಣವನ್ನೂ ಗಂಟು ಕಟ್ಟಿಸುತ್ತದೆ. ಒ ಕಣದ ಒಂದು ಹನಿ ಹಾಕುವುದನ್ನು ಬಿಟ್ಟರೆ ಅದು ಕಣ್ಣು ತಪ್ಪಿಸಿಬಿಡುತ್ತದೆ. ಹತ್ತಿರದ ಸಂಬಂಧದ ಮದುವೆ ಇರುವ ನಮ್ಮ ಭಾಗದಲ್ಲಿ ಅದನ್ನು ಮರೆಯುವಂತಿಲ್ಲ. ಅದು ಇವತ್ತಿನ ಮಾತಲ್ಲ, ಮುಂದೆ ಹೋಗೋಣ.

ಫ್ರಿಜ್ಜಿನಿಂದ ಎರಡು ಬಿ ಪಾಸಿಟಿವ್ ಬಾಟಲಿ ತೆಗೆದೆವು. ಬಾಟಲಿ ಎಂದು ಹೇಳುವ ರೂಢಿ, ಇರುವುದು ಪ್ಲಾಸ್ಟಿಕ್ ಚೀಲ. ಆ ಚೀಲದ ನಳಿಕೆಯಲ್ಲಿ ಅದೇ ದಾನಿಯ ರಕ್ತವನ್ನು ತುಂಡು ತುಂಡಾಗಿ ಬಿಗಿದು ಮುಚ್ಚಿಟ್ಟಿರುತ್ತಾರೆ. ಒಂದು ತುಂಡನ್ನು ಕತ್ತರಿಸಿ ಒಳಗಿನ ಕಣ ತೆಗೆಯುತ್ತೇವೆ. ಚೀಲ ಬಿಚ್ಚುವ ಅಗತ್ಯವಿಲ್ಲ. ಕ್ರಾಸ್‌ಮ್ಯಾಚ್ ಎಂದರೆ ಇಲ್ಲಿಂದ ಶುರು: ರೋಗಿಯ ಸೀರಮ್ಮು ಎರಡು ಹನಿ, ದಾನಿಯ ಕಣದ ತೆಳು ದ್ರಾವಣ ಒಂದು ಹನಿ. ಮೈಯೊಳಗೆ ಆಗಲಿರುವ ಭೇಟಿಯನ್ನು ಗಾಜಿನ ನಳಿಕೆಯಲ್ಲಿ ಮೊದಲೇ ಮಾಡಿಸುವುದು. 1907ರಲ್ಲಿ ನ್ಯೂಯಾರ್ಕಿನಲ್ಲಿ ರೂಬೆನ್ ಒಟೆನ್‌ಬರ್ಗ್ ರಕ್ತ ಏರಿಸುವ ಮೊದಲು ಈ ರೀತಿ ಹೊಂದಿಸಿ ನೋಡಲು ಶುರುಮಾಡಿದರು. ಅಲ್ಲಿಯವರೆಗೆ ರಕ್ತ ಏರಿಸುವುದೆಂದರೆ ಜೂಜೇ ಆಗಿತ್ತು.

ಮೊದಲ ಹಂತ, ಬೆರೆಸಿದ ಕೂಡಲೇ ತಿರುಗಿಸಿ ನೋಡುವುದು. ಐದು ನಿಮಿಷದ ಕೆಲಸ. ಗುಂಪಿನಲ್ಲಿ ಎಡವಟ್ಟಾಗಿದ್ದರೆ ಐಜಿಎಂ ಇಲ್ಲೇ ಸಿಕ್ಕಿಬೀಳುತ್ತದೆ. ನಳಿಕೆಯನ್ನು ಮೆಲ್ಲಗೆ ಅಲುಗಾಡಿಸಿದಾಗ ತಳದ ಕಣಗಳು ಹೊಗೆಯ ಹಾಗೆ ಹರಡಿಕೊಂಡವು. ಗಂಟಿಲ್ಲ, ಮೇಲಿನ ದ್ರವದಲ್ಲಿ ಕೆಂಪೂ ಇಲ್ಲ. ಎರಡೂ ಬಾಟಲಿ ಪಾಸು. ಆಕೆಯ ಮೈದುನ ಕಿಟಕಿಯಲ್ಲಿ ನಿಂತಿದ್ದ. ಅವನ ಲೆಕ್ಕದಲ್ಲಿ ರಕ್ತವನ್ನು ಕೊಟ್ಟು ಕಳಿಸಬೇಕಾದ್ದು ಆಗಲೇ.

ಎರಡನೆಯ ಹಂತಕ್ಕೆ ಸಮಯ ಬೇಕು. ರಕ್ತ ಪಡೆದು ಅಥವಾ ಬಸಿರಾಗಿ ಹುಟ್ಟುವ ಪ್ರತಿಕಾಯಗಳು ಹೆಚ್ಚಾಗಿ ಐಜಿಜಿ ಎಂಬ ಸಣ್ಣ ಜಾತಿಯವು, ಹಿಡಿಯುವ ತಾಣ ಎರಡೇ. ಕೆಂಪು ಕಣದ ಮೈಮೇಲೆ ಋಣ ವಿದ್ಯುತ್ ಇರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡಿರುತ್ತವೆ. ಆ ಅಂತರ ದಾಟಲು ಐಜಿಜಿಗೆ ಉದ್ದ ಸಾಲದು. ಸಂಕ್ರಾಂತಿಯ ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಅಂಟಿಕೊಂಡ ಹಾಗೆ ಅವು ಕಣಕ್ಕೆ ಅಂಟಿಕೊಂಡಿರುತ್ತವೆ, ಆದರೆ ರೊಟ್ಟಿಗೆ ರೊಟ್ಟಿ ಅಂಟುವುದಿಲ್ಲ. ಕಣ್ಣಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಮೈಯೊಳಗೆ ಹೋದ ಮೇಲೆ ಗುಲ್ಮ ಆ ಎಳ್ಳನ್ನು ಗುರುತು ಹಿಡಿದು ಕಣವನ್ನು ಒಂದೊಂದಾಗಿ ನುಂಗುತ್ತದೆ.

1945ರಲ್ಲಿ ಕೇಂಬ್ರಿಜ್‌ನಲ್ಲಿ ರಾಬಿನ್ ಕೂಂಬ್ಸ್, ಮೌರಂಟ್ ಮತ್ತು ರೇಸ್ ಎಂಬ ಮೂವರು ಇದಕ್ಕೊಂದು ಉಪಾಯ ಬರೆದರು. ಮನುಷ್ಯನ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಪ್ರಾಣಿಯಲ್ಲಿ ತಯಾರಿಸಿ ಹಾಕಿದರೆ, ಅದು ಈ ಕಣದ ಐಜಿಜಿಯನ್ನೂ ಪಕ್ಕದ ಕಣದ ಐಜಿಜಿಯನ್ನೂ ಒಟ್ಟಿಗೆ ಹಿಡಿದು ಸೇತುವೆ ಕಟ್ಟುತ್ತದೆ. ಕಾಣದಿದ್ದದ್ದು ಗಂಟಾಗಿ ಕಾಣುತ್ತದೆ. ನಾವು ಕೂಂಬ್ಸ್ ಕ್ರಾಸ್‌ಮ್ಯಾಚ್ ಎನ್ನುವುದು ಇದನ್ನೇ. ಸೀರಮ್ಮು ಮತ್ತು ಕಣವನ್ನು 37 ಡಿಗ್ರಿ ಶಾಖದಲ್ಲಿ, ಅಂದರೆ ಮೈಶಾಖದಲ್ಲಿ ಅರ್ಧ ತಾಸಿನಿಂದ ಒಂದು ತಾಸು ಇಡಬೇಕು, ಪ್ರತಿಕಾಯ ಅಂಟಲು ಅಷ್ಟು ಹೊತ್ತು ಬೇಕು. ಆಮೇಲೆ ಲವಣದ್ರವದಲ್ಲಿ ಮೂರು ಸಲ ತೊಳೆದು, ಪ್ರಾಣಿಯಲ್ಲಿ ತಯಾರಿಸಿದ ಆ ಪ್ರತಿಕಾಯದ ದ್ರವವನ್ನು, ಅಂದರೆ ಕೂಂಬ್ಸ್ ದ್ರವವನ್ನು ಹಾಕಬೇಕು. ಅಂಟದೆ ಉಳಿದ ಐಜಿಜಿ ಸೀರಮ್ಮಿನಲ್ಲಿ ಹೇರಳ, ಅದು ಹೋಗದಿದ್ದರೆ ಕೂಂಬ್ಸ್ ದ್ರವವನ್ನೆಲ್ಲ ಅದೇ ಕುಡಿದುಬಿಡುತ್ತದೆ. ಆಗ ಅಪಾಯದ ರಕ್ತವೂ ಪಾಸಾದಂತೆ ಕಾಣುತ್ತದೆ. ಅದಕ್ಕೇ ಗಂಟು ಬಾರದ ಪ್ರತಿ ನಳಿಕೆಗೂ ಕೊನೆಯಲ್ಲಿ ಮೊದಲೇ ಐಜಿಜಿ ಅಂಟಿಸಿದ ಕಣವನ್ನು ಹಾಕಿ ನೋಡುತ್ತೇವೆ. ಈಗ ಗಂಟು ಬರಲೇಬೇಕು. ಬಂದರೆ ಕೂಂಬ್ಸ್ ದ್ರವ ಜೀವಂತವಿತ್ತು, ಮೊದಲಿನ ಉತ್ತರ ನಂಬಬಹುದು. ಬಾರದಿದ್ದರೆ ತೊಳೆದದ್ದು ಸರಿಯಿಲ್ಲ, ಮತ್ತೆ ಮೊದಲಿಂದ. ಜೆಲ್ ತುಂಬಿದ ಸಣ್ಣ ನಳಿಕೆಗಳಿರುವ ಜೆಲ್ ಕಾರ್ಡ್ ಸಿಗುವ ಕಡೆ ಈ ತೊಳೆಯುವ ಗೋಳಿಲ್ಲ, ಹದಿನೈದು ನಿಮಿಷ ಶಾಖದಲ್ಲಿಟ್ಟು ಹತ್ತು ನಿಮಿಷ ತಿರುಗಿಸಿದರೆ ಆಯಿತು: ಹೊಂದಿದರೆ ಕಣ ಜೆಲ್ಲಿನ ತಳಕ್ಕೆ ಇಳಿಯುತ್ತದೆ, ಹೊಂದದಿದ್ದರೆ ಗಂಟು ಮೇಲೆಯೇ ಸಿಕ್ಕಿಕೊಳ್ಳುತ್ತದೆ.

ಆ ಹೆಣ್ಣುಮಗಳ ಎರಡೂ ಬಾಟಲಿಗಳು ಕೂಂಬ್ಸ್ ಹಂತದಲ್ಲಿ ಗಂಟು ಕಟ್ಟಿದವು. ಒಂದು ಬಲವಾಗಿ, ಇನ್ನೊಂದು ಸ್ವಲ್ಪ ಕಡಿಮೆ.

ಹೊರಗೆ ಹೋಗಿ "ಹೊಂದಲಿಲ್ಲ" ಎಂದಾಗ ಮೈದುನನ ಮುಖದಲ್ಲಿ ಅನುಮಾನವೇ ಇತ್ತು. "ಬಿ ಪಾಸಿಟಿವ್‌ಗೆ ಬಿ ಪಾಸಿಟಿವ್ ಹೊಂದಲ್ಲೇನ್ರಿ?" ಎಂದ. ಆಮೇಲೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಹೈದರಾಬಾದಿನಾಗ ನಮ್ಮವರು ಅದಾರ್ರಿ. ಒ ನೆಗೆಟಿವ್ ತರಸ್ತೀನಿ. ಅದು ಎಲ್ಲಾರಿಗೂ ನಡೀತದಂತಲ್ಲ." ಈ ಸಭೆಯಲ್ಲಿ ಕೂತ ಬಹಳ ಜನರ ತಲೆಯಲ್ಲೂ ಅದೇ ಉಪಾಯ ಹೊಳೆದಿರುತ್ತದೆ. ಅದು ಯಾಕೆ ನಡೆಯುತ್ತಿರಲಿಲ್ಲ ಎನ್ನುವುದನ್ನು ಸ್ವಲ್ಪ ಮುಂದೆ ಹೇಳುತ್ತೇನೆ.

ನಾವು ಮೊದಲು ಕೇಳಿಕೊಂಡ ಪ್ರಶ್ನೆ: ಆಕೆಯ ಸೀರಮ್ಮು ಆಕೆಯ ಸ್ವಂತ ಕಣವನ್ನೂ ಹಿಡಿಯುತ್ತಿದೆಯೇ? ಕೆಲವು ಕಾಯಿಲೆಗಳಲ್ಲಿ ಹಾಗಾಗುತ್ತದೆ, ಆಗ ಯಾರ ರಕ್ತ ತಂದರೂ ಗಂಟೇ. ಆಕೆಯದೇ ಸೀರಮ್ಮು, ಆಕೆಯದೇ ಕಣ ಇಟ್ಟು ಅದೇ ಪರೀಕ್ಷೆ ಮಾಡಿದೆವು. ಗಂಟಿಲ್ಲ. ಹಾಗಾದರೆ ಆಕೆಯಲ್ಲಿ ಇಲ್ಲದ, ಈ ಎರಡೂ ದಾನಿಗಳಲ್ಲಿ ಇರುವ ಯಾವುದೋ ಒಂದರ ವಿರುದ್ಧ ಪ್ರತಿಕಾಯ ಇದೆ.

ಅದನ್ನು ಗುರುತಿಸಲು ಸಿದ್ಧ ಕಣಗಳು ಸಿಗುತ್ತವೆ. ಮೂರು ಬಾಟಲಿಗಳ ಒಂದು ಸೆಟ್, ಮೂರೂ ಒ ಗುಂಪು. ಹಾಗಾಗಿ ಎ, ಬಿಗಳ ಗಲಾಟೆ ಇಲ್ಲ. ಆದರೆ ಪ್ರತಿಯೊಂದರ ಮೇಲೆ ಡಿ, ಸಿ, ಇ, ಕೆಲ್, ಡಫಿ ಯಾವುವು ಇವೆ, ಯಾವುವು ಇಲ್ಲ ಎಂದು ಜೊತೆಗೆ ಕೊಟ್ಟ ಹಾಳೆಯಲ್ಲಿ ಬರೆದಿರುತ್ತದೆ. ಮೊದಲನೆಯ ಕಣದಲ್ಲಿ ಗಂಟಿಲ್ಲ. ಎರಡನೆಯದರಲ್ಲೂ ಮೂರನೆಯದರಲ್ಲೂ ಗಂಟು. ಹಾಳೆ ನೋಡಿದೆವು. ಮೊದಲನೆಯದರಲ್ಲಿ ಡಿ ಇದೆ, ದೊಡ್ಡ ಸಿ ಇದೆ, ಸಣ್ಣ ಸಿ ಇಲ್ಲ. ಎರಡನೆಯದರಲ್ಲಿ ಡಿ ಮತ್ತು ಸಣ್ಣ ಸಿ. ಮೂರನೆಯದರಲ್ಲಿ ಡಿಯೇ ಇಲ್ಲ, ಸಣ್ಣ ಸಿ ಇದೆ. ಗಂಟು ಕಟ್ಟಿದ ಎರಡರಲ್ಲೂ ಇರುವುದು, ಕಟ್ಟದ ಒಂದರಲ್ಲಿ ಇಲ್ಲದ್ದು ಸಣ್ಣ ಸಿ. ಮೂರೇ ಕಣದ ಮೇಲೆ ತೀರ್ಪು ಕೊಡಬಾರದು. ಹನ್ನೊಂದು ಕಣಗಳ ದೊಡ್ಡ ಸೆಟ್ ಹಾಕಿದಾಗಲೂ ಅದೇ ನಮೂನೆ ಬಂತು. ಸಣ್ಣ ಸಿ ಇದ್ದಲ್ಲೆಲ್ಲ ಗಂಟು, ಇಲ್ಲದಲ್ಲಿ ಇಲ್ಲ. ಕೊನೆಗೆ ಆಕೆಯ ಕಣವನ್ನೇ ಸಣ್ಣ ಸಿ ವಿರುದ್ಧದ ದ್ರವದಲ್ಲಿ ನೋಡಿದೆವು. ಇಲ್ಲ. ಇರಲೂಬಾರದು, ತನ್ನಲ್ಲಿ ಇರುವುದರ ವಿರುದ್ಧ ಮೈ ಹೀಗೆ ಪ್ರತಿಕಾಯ ಮಾಡುವುದಿಲ್ಲ.

ನಮ್ಮ ದೇಶದಲ್ಲಿ ಪಾಸಿಟಿವ್ ಇರುವವರಲ್ಲಿ ಅತಿ ಸಾಮಾನ್ಯವಾದ ಜೋಡಣೆ ತಂದೆಯಿಂದಲೂ ತಾಯಿಯಿಂದಲೂ ಡಿ ಮತ್ತು ದೊಡ್ಡ ಸಿ ಬಂದಿರುವುದು. ಅಂಥವರಲ್ಲಿ ಸಣ್ಣ ಸಿ ಇರುವುದಿಲ್ಲ. ಹತ್ತು ಜನರಲ್ಲಿ ಸುಮಾರು ನಾಲ್ವರು ಹಾಗೆ. ಈ ಹೆಣ್ಣುಮಗಳು ಆ ನಾಲ್ವರಲ್ಲಿ ಒಬ್ಬಳು. ಗಂಡ ಉಳಿದವರಲ್ಲಿ ಒಬ್ಬ. ಒಂದೋ ಹಿಂದಿನ ಕೂಸು ಅಪ್ಪನಿಂದ ಸಣ್ಣ ಸಿ ತಂದಿತ್ತು, ಆ ಹೆರಿಗೆಯಲ್ಲಿ ಅದರ ಒಂದಿಷ್ಟು ಕಣ ತಾಯಿಯ ರಕ್ತಕ್ಕೆ ಸೇರಿತು. ಅಥವಾ ಆಗ ಏರಿಸಿದ ಎರಡು ಬಾಟಲಿಯಲ್ಲಿ ಸಣ್ಣ ಸಿ ಇತ್ತು. ಎರಡರಲ್ಲಿ ಯಾವುದು ಎಂದು ಈಗ ಹೇಳಲಾಗದು. ಅತ್ತೆ ಹೇಳಿದ ಆ ಒಂದು ಮಾತು ನಮಗೆ ಇಷ್ಟು ದೊಡ್ಡದು. ಆದ್ದರಿಂದಲೇ ಕಿಟಕಿಯಲ್ಲಿ ನಾವು "ಮೊದಲು ರಕ್ತ ಏರಿಸಿದ್ದರೇನು? ಎಷ್ಟನೇ ಹೆರಿಗೆ? ಬಸಿರು ಇಳಿದಿತ್ತೇನು?" ಎಂದು ಕೆದಕುವುದು. ಜನ ಅದನ್ನು ಮನೆಮಾತು ಕೇಳುತ್ತಾರೆಂದು ಬೇಜಾರು ಮಾಡಿಕೊಳ್ಳುತ್ತಾರೆ.

ಈಗ ಮೈದುನನ ಒ ನೆಗೆಟಿವ್. ನೆಗೆಟಿವ್ ಎಂದರೆ ಡಿ ಇಲ್ಲ ಅಷ್ಟೇ. ನೆಗೆಟಿವ್ ಇರುವ ಹೆಚ್ಚುಕಡಿಮೆ ಎಲ್ಲರ ಕಣದ ಮೇಲೂ ಸಣ್ಣ ಸಿ ಇರುತ್ತದೆ, ಅದೂ ಎರಡೂ ಕಡೆಯಿಂದ ಬಂದದ್ದು, ದುಪ್ಪಟ್ಟು. ಹೈದರಾಬಾದಿನಿಂದ ಕಷ್ಟಪಟ್ಟು ತರಿಸಿದ ಒ ನೆಗೆಟಿವ್ ಆಕೆಗೆ ಎಲ್ಲಕ್ಕಿಂತ ಕೆಟ್ಟ ರಕ್ತವಾಗುತ್ತಿತ್ತು. ಎಲ್ಲರಿಗೂ ನಡೆಯುತ್ತದೆ ಎಂಬ ಮಾತು ಎ, ಬಿ, ಡಿಗಳ ಮಟ್ಟಿಗೆ ನಿಜ. ಅಪಘಾತದಲ್ಲಿ ರಕ್ತ ಹರಿದು ಹೋಗುತ್ತಿರುವವನಿಗೆ ಗುಂಪು ನೋಡಲೂ ಹೊತ್ತಿಲ್ಲದಾಗ ಒ ನೆಗೆಟಿವ್ ಕಣ ಕೊಡುತ್ತೇವೆ, ವೈದ್ಯರು ಬರೆದುಕೊಟ್ಟ ಮೇಲೆ. ಅಲ್ಲಿ ಕಾಯುವುದೇ ಹೆಚ್ಚಿನ ಅಪಾಯ. ಆಗಲೂ ಚೀಲ ಕಳಿಸಿದ ಕೂಡಲೇ ಹಿಂದಿನಿಂದ ಕ್ರಾಸ್‌ಮ್ಯಾಚ್ ಶುರುಮಾಡುತ್ತೇವೆ, ಗಂಟು ಕಂಡರೆ ಫೋನ್ ಮಾಡಿ ನಿಲ್ಲಿಸುತ್ತೇವೆ. ಅರ್ಧ ದಿನ ಕಾಯಬಲ್ಲ ಹೆಣ್ಣುಮಗಳಿಗೆ ಆ ದಾರಿ ಬೇಕಿರಲಿಲ್ಲ.

ಗಂಡನೂ ರಕ್ತ ಕೊಡಲು ಮುಂದೆ ಬಂದಿದ್ದ. ಅವನದೂ ಬಿ ಪಾಸಿಟಿವ್. ಬೇಡ ಎಂದೆವು, ಬೇರೆಯವರಿಗೆ ಕೊಡಲಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಬರೆದದ್ದು ಇಂಥದೇ ಸಂಗತಿ. ಸತ್ತ ಕೂಸನ್ನು ಹೆತ್ತ ಒಬ್ಬ ತಾಯಿ, ಒ ಗುಂಪು. ರಕ್ತ ಹೋಗುತ್ತಿತ್ತೆಂದು ಒ ಗುಂಪಿನ ಗಂಡನ ರಕ್ತವನ್ನೇ ಏರಿಸಿದರು, ತೀವ್ರ ಪ್ರತಿಕ್ರಿಯೆ ಆಯಿತು. ಆಕೆಯ ಸೀರಮ್ಮನ್ನು ಗುಂಪು ಹೊಂದುವ 104 ಜನರ ಕಣದ ಮೇಲೆ ಹಾಕಿ ನೋಡಿದರೆ 80ರಲ್ಲಿ ಗಂಟು ಕಟ್ಟಿತು. ಗುಂಪು ಸರಿಯಿದ್ದೂ ರಕ್ತ ಹೊಂದದಿರಬಹುದು, ಅದಕ್ಕೆ ಬಸಿರು ಕಾರಣವಾಗಬಹುದು ಎಂದು ಮೊದಲು ತಿಳಿದದ್ದು ಅಲ್ಲಿ. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಎಂಬ ಹೆಸರಿಗೆ ಕಾರಣವಾದ ಕೆಲಸ ಪ್ರಕಟಿಸಿದರು. ಕೂಸಿನ ಮೂಲಕ ತಾಯಿ ಪ್ರತಿಕಾಯ ಬೆಳೆಸಿಕೊಂಡಿದ್ದರೆ ಅದು ಅಪ್ಪನ ಕಣದ ವಿರುದ್ಧವೇ ಇರುತ್ತದೆ. ಹೆಂಡತಿಗೆ ಗಂಡನ ರಕ್ತ ಬೇಡ ಎನ್ನುವುದು ಅದಕ್ಕೇ, ಮನೆತನದ ವಿಚಾರ ಏನೂ ಅಲ್ಲ.

ಫ್ರಿಜ್ಜಿನಲ್ಲಿದ್ದ ಬಿ ಪಾಸಿಟಿವ್ ಚೀಲಗಳ ನಳಿಕೆ ತುಂಡುಗಳನ್ನು ಸಣ್ಣ ಸಿ ವಿರುದ್ಧದ ದ್ರವದಲ್ಲಿ ಒಂದೊಂದಾಗಿ ನೋಡಿದೆವು. ಆರು ನೋಡಿದಾಗ ಮೂರರಲ್ಲಿ ಸಣ್ಣ ಸಿ ಇರಲಿಲ್ಲ. ಆ ಮೂರರಿಂದ ಎರಡನ್ನು ತೆಗೆದು ಕ್ರಾಸ್‌ಮ್ಯಾಚ್ ಮಾಡಿದೆವು. ಸಣ್ಣ ಸಿ ಇಲ್ಲವೆಂದು ಗೊತ್ತಾದ ಮೇಲೂ ಮತ್ತೆ ಯಾಕೆ? ಆಕೆಯಲ್ಲಿ ಇನ್ನೊಂದು ಪ್ರತಿಕಾಯ ಇದರ ಬೆನ್ನ ಹಿಂದೆ ಅಡಗಿ ಕೂತಿದ್ದರೆ, ಅದು ಈಗ ಹೊರಬೀಳಬೇಕು. ತಕ್ಷಣದ ಹಂತ ಶುಭ್ರ, ಕೂಂಬ್ಸ್ ಹಂತ ಶುಭ್ರ, ಕೊನೆಯ ಪರೀಕ್ಷಾ ಕಣ ಹಾಕಿದಾಗ ಸರಿಯಾಗಿ ಗಂಟು ಬಂತು. ಬೆಳಿಗ್ಗೆ ಬಂದ ಸ್ಯಾಂಪಲ್ಲಿಗೆ ಸಂಜೆಯ ಹೊತ್ತಿಗೆ ರಕ್ತ ಹೋಯಿತು. ಎಲ್ಲೂ ಸಿಗದ ಅಪರೂಪದ ರಕ್ತ ಅಲ್ಲ ಅದು. ಅದೇ ಫ್ರಿಜ್ಜಿನಲ್ಲಿ, ಅದೇ ಬಿ ಪಾಸಿಟಿವ್ ಸಾಲಿನಲ್ಲಿ ಇತ್ತು. ಯಾವುದೆಂದು ಕ್ರಾಸ್‌ಮ್ಯಾಚ್ ಮಾಡದೆ ಗೊತ್ತಾಗುತ್ತಿರಲಿಲ್ಲ.

ಒಂದು ಬಾಟಲಿ ಹೊಂದಿದರೆ ಅದೇ ಗುಂಪಿನ ಎರಡನೆಯದಕ್ಕೆ ಮತ್ತೆ ಪರೀಕ್ಷೆ ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಕ್ಕಿತು ಎಂದುಕೊಳ್ಳುತ್ತೇನೆ. ಪ್ರತಿ ಚೀಲವೂ ಬೇರೆ ಮನುಷ್ಯ. ರೋಗಿಯ ಕಡೆಯೂ ನಿಂತಲ್ಲಿ ನಿಂತಿರುವುದಿಲ್ಲ. ರಕ್ತ ಏರಿಸಿದ ಮೂರು ನಾಲ್ಕು ದಿನದಲ್ಲೇ ಹಳೆಯ ಪ್ರತಿಕಾಯ ಮತ್ತೆ ಮೇಲೆದ್ದು ಬರಬಹುದು. ಕಳೆದ ಮೂರು ತಿಂಗಳಲ್ಲಿ ರಕ್ತ ಪಡೆದವರಿಗೆ, ಬಸುರಿಯರಿಗೆ ಮೂರು ದಿನಕ್ಕಿಂತ ಹಳೆಯ ಸ್ಯಾಂಪಲ್ ಇಟ್ಟುಕೊಂಡು ಪರೀಕ್ಷೆ ಮಾಡಬಾರದು ಎನ್ನುವುದು ಅದಕ್ಕೆ.

ಕ್ರಾಸ್‌ಮ್ಯಾಚ್ ಎಲ್ಲವನ್ನೂ ಹಿಡಿಯುತ್ತದೆ ಎಂದು ನಂಬಿ ಮನೆಗೆ ಹೋಗಬೇಡಿ. ಅದು ನೋಡುವುದು ಇವತ್ತು ಈ ಸೀರಮ್ಮಿನಲ್ಲಿರುವ ಪ್ರತಿಕಾಯವನ್ನು ಮಾತ್ರ. ಇನ್ನೂ ಪ್ರತಿಕಾಯ ಹುಟ್ಟದ ನೆಗೆಟಿವ್ ಹುಡುಗಿಯೊಬ್ಬಳಿಗೆ ತಪ್ಪಿ ಪಾಸಿಟಿವ್ ಚೀಲ ಇಟ್ಟರೆ ಕ್ರಾಸ್‌ಮ್ಯಾಚ್ ಚೆನ್ನಾಗಿಯೇ ಹೊಂದುತ್ತದೆ! ಗಂಟು ಕಟ್ಟಿಸಲು ಪ್ರತಿಕಾಯವೇ ಇಲ್ಲವಲ್ಲ. ತೊಂದರೆ ಗೊತ್ತಾಗುವುದು ಮುಂದೆ ಆಕೆಯ ಬಸಿರಿನಲ್ಲಿ. ಹಾಗಾಗಿ ಗುಂಪಿನ ಪರೀಕ್ಷೆಗೆ ಕ್ರಾಸ್‌ಮ್ಯಾಚ್ ಬದಲಿಯಲ್ಲ, ಎರಡೂ ಬೇಕು. ಇನ್ನು ವಾರ್ಡಿನಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರ ಹೆಸರಿನ ಟ್ಯೂಬಿಗೆ ತುಂಬಿದರೆ ನಮ್ಮ ಪರೀಕ್ಷೆ ಸರಿಯಾಗಿಯೇ ಬರುತ್ತದೆ, ಬೇರೆಯವರಿಗೆ. ಎ, ಬಿ ತಪ್ಪಿನಿಂದಾಗುವ ದೊಡ್ಡ ಅನಾಹುತಗಳ ಮೂಲ ಹೆಚ್ಚಾಗಿ ಪ್ರಯೋಗಾಲಯವಲ್ಲ, ಸ್ಯಾಂಪಲ್ ತೆಗೆಯುವ ಮತ್ತು ಚೀಲ ಹಚ್ಚುವ ಹಾಸಿಗೆ. ನಿಮ್ಮವರಿಗೆ ರಕ್ತ ಹಚ್ಚುವಾಗ ಚೀಲದ ಮೇಲಿನ ಹೆಸರು, ಸಂಖ್ಯೆ ಓದಿ ಎಂದು ನೀವು ಕೇಳಿದರೆ ಯಾರೂ ಸಿಟ್ಟಾಗಬಾರದು.

ಕೂಸಿನ ಮಾತು ಯಾರೋ ಕೇಳಿದರು. ಐಜಿಜಿಯನ್ನು ಮಾಸುಚೀಲವೇ ಹಿಡಿದು ದಾಟಿಸುವುದರಿಂದ ಅದು ಕೂಸಿಗೆ ಹೋಗುತ್ತದೆ. ಸಣ್ಣ ಸಿ ವಿರುದ್ಧದ್ದೂ ಹೋಗುತ್ತದೆ. ಹಾಗಾಗಿ ರಕ್ತದ ಜೊತೆ ಹೆರಿಗೆ ವೈದ್ಯರಿಗೂ ಮಕ್ಕಳ ವೈದ್ಯರಿಗೂ ಚೀಟಿ ಕಳಿಸಿದ್ದೆವು. ಹುಟ್ಟಿದ ಕೂಸಿನ ಕಣದಲ್ಲಿ ಐಜಿಜಿ ಅಂಟಿದ್ದು ಕೂಂಬ್ಸ್ ಪರೀಕ್ಷೆಯಲ್ಲಿ ಕಂಡಿತು, ಕಾಮಾಲೆ ಏರಿತು, ಕೆಲವು ದಿನ ನೀಲಿ ಬೆಳಕಿನಡಿ ಇಟ್ಟರು, ಇಳಿಯಿತು. ಮೊದಲೇ ಗೊತ್ತಿದ್ದರಿಂದ ಹುಟ್ಟಿದ ದಿನದಿಂದಲೇ ಕಾಮಾಲೆಯ ಮಟ್ಟ ಅಳೆಯುತ್ತ ಹೋಗಲು ಸಾಧ್ಯವಾಯಿತು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಅಕ್ಕಾರದು. "ಈ ಪ್ರತಿಕಾಯ ಮುಂದ ತಾನೇ ಹೋಗ್ತದೇನ್ರಿ?" ಹೋದಂತೆ ಕಾಣುತ್ತದೆ, ಅದೇ ಕಷ್ಟ. ಕೆಲವು ಪ್ರತಿಕಾಯ ತಿಂಗಳುಗಳಲ್ಲಿ, ಕೆಲವು ವರ್ಷಗಳಲ್ಲಿ ನಮ್ಮ ಪರೀಕ್ಷೆಗೆ ಸಿಗದಷ್ಟು ಕೆಳಗಿಳಿಯುತ್ತವೆ. ಐದು ವರ್ಷದ ಮೇಲೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕ್ರಾಸ್‌ಮ್ಯಾಚ್ ಚೆನ್ನಾಗಿ ಹೊಂದೀತು. ಆದರೆ ಮೈ ಮರೆತಿರುವುದಿಲ್ಲ. ಸಣ್ಣ ಸಿ ಇರುವ ರಕ್ತ ಹೋದ ಮೇಲೆ ಮೂರು ದಿನದಿಂದ ಎರಡು ವಾರದ ಒಳಗೆ ಪ್ರತಿಕಾಯ ಮತ್ತೆ ಏರಿ, ಹಚ್ಚಿದ ಕಣವನ್ನೆಲ್ಲ ಒಡೆದುಹಾಕಬಹುದು. ಆಗ ಜ್ವರ ಬರುತ್ತದೆ, ಕಣ್ಣು ಹಳದಿಯಾಗುತ್ತದೆ, ಏರಿದ್ದ ಹಿಮೋಗ್ಲೋಬಿನ್ ಮತ್ತೆ ಇಳಿಯುತ್ತದೆ. ಡಿಸ್ಚಾರ್ಜ್ ಆಗಿ ಊರಿಗೆ ಹೋದ ಮೇಲೆ ಹೀಗಾದರೆ ಕಾಮಾಲೆ ಎಂದುಕೊಂಡು ನಾಟಿ ಔಷಧಿ ಕೊಡಿಸುತ್ತಾರೆ, ರಕ್ತದ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದ ಆ ಹೆಣ್ಣುಮಗಳಿಗೆ ಒಂದು ಕಾರ್ಡ್ ಮಾಡಿಕೊಟ್ಟೆವು: ಬಿ ಪಾಸಿಟಿವ್, ಸಣ್ಣ ಸಿ ವಿರುದ್ಧ ಪ್ರತಿಕಾಯ ಇದೆ, ಸಣ್ಣ ಸಿ ಇಲ್ಲದ ರಕ್ತವನ್ನೇ ಕೊಡಬೇಕು. ತಾಯಿ ಕಾರ್ಡಿನ ಒಳಗೆ ಅದನ್ನು ಪಿನ್ ಹಾಕಿ ಕಳಿಸಿದೆವು. ಕಾರ್ಡ್ ಕಳೆದರೆ ಏನು ಮಾಡುವುದು ಎಂದು ಅದೇ ಅಕ್ಕಾರು ಮತ್ತೆ ಕೇಳಿದರು. ಎಲ್ಲೇ ರಕ್ತಕ್ಕೆ ಹೋದರೂ "ಮೊದಲೊಮ್ಮೆ ರಕ್ತ ಹೊಂದಿರಲಿಲ್ಲ" ಎಂದು ಹೇಳಿದರೆ ಸಾಕು, ಆ ರಕ್ತನಿಧಿಯವರು ಹಿಂದಿನ ರಕ್ತನಿಧಿಗೆ ಫೋನ್ ಮಾಡುತ್ತಾರೆ, ನಮ್ಮ ದಾಖಲೆ ಪುಸ್ತಕದಲ್ಲಿ ಅದು ಇರುತ್ತದೆ.